ಹನ್ನೆರಡು ಟನ್ ತಳ್ಳುವ ರಾಡ್ ಎಷ್ಟು ದಪ್ಪ ಇರಬೇಕು?

ರದ್ದಿ ಕಾಗದ, ರಟ್ಟಿನ ಡಬ್ಬಗಳನ್ನು ಅಮುಕಿ ಕಟ್ಟು ಮಾಡುವ ಬೇಲಿಂಗ್ ಯಂತ್ರವನ್ನು ದೊಡ್ಡ ಗುಜರಿ ಗೋದಾಮುಗಳಲ್ಲಿ ನೋಡಿರುತ್ತೀರಿ. ಉದ್ದನೆಯ ಕಬ್ಬಿಣದ ಪೆಟ್ಟಿಗೆ, ಅದರ ಒಂದು ತುದಿಗೆ ಹೈಡ್ರಾಲಿಕ್ ಸಿಲಿಂಡರ್. ಲಿವರ್ ಎಳೆದರೆ ಸಿಲಿಂಡರಿನ ಒಳಗಿನಿಂದ ಕ್ರೋಮ್ ಹೊಳಪಿನ ರಾಡ್ ನಿಧಾನವಾಗಿ ಹೊರಬರುತ್ತದೆ. ಅದರ ತುದಿಗಿರುವ ದಪ್ಪ ತಟ್ಟೆ ಪೆಟ್ಟಿಗೆಯ ಉದ್ದಕ್ಕೂ ಸರಿದು, ಎದುರು ಸಿಕ್ಕ ರಟ್ಟನ್ನೆಲ್ಲ ಆಚೆ ಗೋಡೆಗೆ ಒತ್ತಿ ಹಿಂಡುತ್ತದೆ. ಎರಡು ಮೀಟರ್ ದೂರ ಹೀಗೆ ತಳ್ಳಿ, ಕಟ್ಟು ಬಿಗಿಯಾದ ಮೇಲೆ ರಾಡ್ ಹಿಂದಕ್ಕೆ ಹೋಗುತ್ತದೆ.

ಈ ರಾಡ್ ಎಷ್ಟು ದಪ್ಪ ಇರಬೇಕು ಎಂದು ಯಾರು ತೀರ್ಮಾನಿಸುತ್ತಾರೆ? ಮೊದಲ ಯೋಚನೆಗೆ ಉತ್ತರ ಸುಲಭ ಅನ್ನಿಸುತ್ತದೆ: ಎಷ್ಟು ಟನ್ ತಳ್ಳಬೇಕೋ ಅದನ್ನು ತಡೆಯುವಷ್ಟು ದಪ್ಪ. ಆ ಲೆಕ್ಕ ಮಾಡಿಯೇ ನೋಡೋಣ. ಸಿಲಿಂಡರಿನ ಬೋರ್ 100 ಮಿ.ಮೀ., ಅಂದರೆ ಒಳಗಿನ ಪಿಸ್ಟನ್‌ನ ವಿಸ್ತೀರ್ಣ 7,854 ಚದರ ಮಿ.ಮೀ. ಎಣ್ಣೆಯ ಒತ್ತಡ 160 ಬಾರ್. ವರ್ಕ್‌ಶಾಪಿನಲ್ಲಿ ಇದನ್ನೇ ಹೆಚ್ಚುಕಡಿಮೆ ‘160 ಕೆಜಿ ಪ್ರೆಶರ್’ ಎನ್ನುತ್ತಾರೆ. ಎರಡನ್ನೂ ಗುಣಿಸಿದರೆ ತಳ್ಳುವ ಬಲ 1,25,664 ನ್ಯೂಟನ್, ಸುಮಾರು 12.8 ಟನ್. ರಾಡಿಗೆ ಸಾಮಾನ್ಯವಾಗಿ ಬಳಸುವ ಇಎನ್8 ಉಕ್ಕಿನ ಮೇಲೆ ಪ್ರತಿ ಚದರ ಮಿ.ಮೀ.ಗೆ 100 ನ್ಯೂಟನ್ ಹೇರಿದರೂ ಅದು ನಿರಾಳವಾಗಿ ತಡೆಯುತ್ತದೆ. ಆ ಲೆಕ್ಕದಲ್ಲಿ 40 ಮಿ.ಮೀ. ರಾಡ್ ಸಾಕು.

ಆದರೆ ಅದೇ 40 ಮಿ.ಮೀ. ರಾಡನ್ನು ಎರಡು ಮೀಟರ್ ಸ್ಟ್ರೋಕಿನ ಸಿಲಿಂಡರಿಗೆ ಹಾಕಿ, ಹಿಂದೆ ಒಂದು ಪಿನ್ನು ಮುಂದೆ ಒಂದು ಪಿನ್ನು ಕೊಟ್ಟು ಜೋಡಿಸಿದರೆ, ಪೂರ್ತಿ ಹೊರಬಂದ ಸ್ಥಿತಿಯಲ್ಲಿ ಅದು ಸರಳ ಲೆಕ್ಕದ ಪ್ರಕಾರ 1.4 ಟನ್ನಿಗೇ ಪಕ್ಕಕ್ಕೆ ಬಾಗಿಹೋಗುತ್ತದೆ. ಬೇಕಾದದ್ದು 12.8 ಟನ್, ತಡೆಯುವುದು ಅದರ ಒಂಬತ್ತನೆಯ ಒಂದು ಪಾಲು. ಉಕ್ಕು ಕಳಪೆಯಾಗಿಲ್ಲ, ಲೆಕ್ಕದಲ್ಲಿ ಕೂಡು–ಗುಣಾಕಾರದ ತಪ್ಪೂ ಇಲ್ಲ. ಕೇಳಬೇಕಾದ ಪ್ರಶ್ನೆಯೇ ಬೇರೆ ಇತ್ತು.

ಪುಡಿಯಾಗುವ ಮೊದಲೇ ಬಾಗುತ್ತದೆ

ತೆಂಗಿನ ಪೊರಕೆಯಿಂದ ಒಂದು ಕಡ್ಡಿ ಹಿರಿದು ಎರಡೂ ತುದಿ ಹಿಡಿದು ಎಳೆಯಿರಿ, ತುಂಡಾಗುವುದು ಕಷ್ಟ. ಅದನ್ನೇ ನೆಟ್ಟಗೆ ನಿಲ್ಲಿಸಿ ಮೇಲಿನಿಂದ ಒಂದು ಬೆರಳಲ್ಲಿ ಒತ್ತಿ. ತಕ್ಷಣ ಬಿಲ್ಲಿನಂತೆ ಬಾಗುತ್ತದೆ. ಗೇಣುದ್ದಕ್ಕೆ ಮುರಿದು ಒತ್ತಿದರೆ ಅದೇ ಕಡ್ಡಿ ಚೆನ್ನಾಗಿಯೇ ತಡೆಯುತ್ತದೆ. ಉದ್ದವಾದ ಸಣ್ಣ ಕಂಬವನ್ನು ಒತ್ತಿದಾಗ ಅದು ಪುಡಿಯಾಗುವುದಕ್ಕೆ ಮೊದಲೇ ಪಕ್ಕಕ್ಕೆ ಜಾರಿಕೊಳ್ಳುತ್ತದೆ. ಎಂಜಿನಿಯರುಗಳು ಇದನ್ನು ಬಕ್ಲಿಂಗ್ ಎನ್ನುತ್ತಾರೆ.

ಯಾವ ಭಾರಕ್ಕೆ ಕಂಬ ಹೀಗೆ ಜಾರುತ್ತದೆ ಎಂದು ಮೊದಲು ಲೆಕ್ಕ ಹಾಕಿ ಕೊಟ್ಟವನು ಸ್ವಿಟ್ಜರ್ಲೆಂಡಿನ ಗಣಿತಜ್ಞ ಲಿಯೊನಾರ್ಡ್ ಆಯ್ಲರ್. 1744ರಲ್ಲಿ ಪ್ರಕಟವಾದ ಅವನ ಪುಸ್ತಕದ ಅನುಬಂಧದಲ್ಲಿ ಅದು ಬಂತು. ಆಗ ಹೈಡ್ರಾಲಿಕ್ ಪ್ರೆಸ್ ಇನ್ನೂ ಹುಟ್ಟಿರಲಿಲ್ಲ. ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಅದಕ್ಕೆ ಪೇಟೆಂಟ್ ಪಡೆದದ್ದು 1795ರಲ್ಲಿ. ಇಂದಿಗೂ ಸಿಲಿಂಡರ್ ಕ್ಯಾಟಲಾಗುಗಳಲ್ಲಿ ಅಚ್ಚಾಗುವುದು ಆಯ್ಲರನ ಸೂತ್ರವೇ:

```
Fk = π² · E · I / Lk²
I  = π · d⁴ / 64
d  = ⁴√( 64 · S · F · Lk² / (π³ · E) )
```

ಮೊದಲ ಸಾಲಿನ Fk ಅಂದರೆ ರಾಡ್ ಬಾಗಿಹೋಗುವ ಭಾರ. E ಎನ್ನುವುದು ಲೋಹದ ಬಿಗುವು. ಉಕ್ಕಿಗೆ ಅದು ಪ್ರತಿ ಚದರ ಮಿ.ಮೀ.ಗೆ 2,10,000 ನ್ಯೂಟನ್. I ಎನ್ನುವುದು ರಾಡಿನ ಅಡ್ಡಕೊಯ್ತದ ಆಕಾರದಿಂದ ಬರುವ ಸಂಖ್ಯೆ. ಅದು ವ್ಯಾಸ d ಎಷ್ಟಿದೆ ಎನ್ನುವುದನ್ನು ಮಾತ್ರ ನೋಡುತ್ತದೆ. Lk ಅಂದರೆ ಬಾಗುವ ಉದ್ದ. ಮೂರನೆಯ ಸಾಲು ಅದೇ ಸೂತ್ರವನ್ನು ತಿರುಗಿಸಿ ಬರೆದದ್ದು: F ಬಲಕ್ಕೆ S ಪಟ್ಟು ಸುರಕ್ಷತೆ ಬೇಕೆಂದರೆ ಎಷ್ಟು ವ್ಯಾಸ ಬೇಕು ಎಂದು ಅದು ಹೇಳುತ್ತದೆ. ಸಿಲಿಂಡರ್ ತಯಾರಕರು ಸಾಮಾನ್ಯವಾಗಿ S ಅನ್ನು 3.5 ಎಂದು ಹಿಡಿಯುತ್ತಾರೆ.

ಈ ಮೂರು ಸಾಲುಗಳಲ್ಲಿ ಇಲ್ಲದಿರುವುದು ಒಂದಿದೆ: ಉಕ್ಕಿನ ಗಟ್ಟಿತನ. ರಾಡ್ ಬಾಗಿದ ಸಿಲಿಂಡರ್ ರಿಪೇರಿಗೆ ಬಂದಾಗ ಯಂತ್ರದ ಮಾಲೀಕರು, “ಸಾರ್, ಈ ಸಲ ಇಎನ್8 ಬೇಡ, ಇಎನ್19 ಹಾಕಿಕೊಡಿ, ದುಡ್ಡು ಹೆಚ್ಚಾದರೂ ಪರವಾಗಿಲ್ಲ” ಎನ್ನುವುದುಂಟು. ಇಎನ್19 ಹೆಚ್ಚು ಗಟ್ಟಿ ಉಕ್ಕು ಎನ್ನುವುದು ನಿಜ. ಆದರೆ ಎರಡರ E ಒಂದೇ. ಉದ್ದನೆಯ ರಾಡ್ ಬಾಗಲು ಶುರುವಾಗುವ ಭಾರ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ದುಬಾರಿ ಉಕ್ಕಿನಲ್ಲಿ ಮಾಡಿಸಿದ ಅದೇ ವ್ಯಾಸದ ರಾಡ್ ಅದೇ ಜಾಗದಲ್ಲಿ ಮತ್ತೆ ಬಾಗುತ್ತದೆ.

ಸೂತ್ರದಲ್ಲಿ ಇರುವುದನ್ನೂ ಗಮನಿಸಿ. ವ್ಯಾಸ ನಾಲ್ಕನೆಯ ಘಾತದಲ್ಲಿದೆ, ಉದ್ದ ಎರಡನೆಯ ಘಾತದಲ್ಲಿದೆ. ತಳ್ಳುವ ಬಲವನ್ನು ಅರ್ಧಕ್ಕೆ ಇಳಿಸಿದರೂ ಬೇಕಾದ ವ್ಯಾಸ ಇಳಿಯುವುದು ಶೇ. 16 ಮಾತ್ರ. ಬಾಗುವ ಉದ್ದವನ್ನು ಅರ್ಧಕ್ಕೆ ಇಳಿಸಿದರೆ ಬೇಕಾದ ವ್ಯಾಸ ಶೇ. 29ರಷ್ಟು ಇಳಿಯುತ್ತದೆ. ಆದ್ದರಿಂದ ರಾಡಿನ ದಪ್ಪವನ್ನು ತೀರ್ಮಾನಿಸುವ ಹೊತ್ತಿನಲ್ಲಿ ಟನ್ನಿಗಿಂತ ಹೆಚ್ಚು ತಲೆಕೆಡಿಸಿಕೊಳ್ಳಬೇಕಾದದ್ದು Lk ಬಗ್ಗೆ. ಅದು ಅಳತೆ ಪಟ್ಟಿಯಲ್ಲಿ ಸಿಗುವ ಉದ್ದವಲ್ಲ. ಸಿಲಿಂಡರನ್ನು ಎಲ್ಲಿ ಹಿಡಿದಿದ್ದೀರಿ, ರಾಡಿನ ತುದಿಯನ್ನು ಯಾವುದು ದಾರಿ ತಪ್ಪದಂತೆ ನಡೆಸುತ್ತದೆ ಎನ್ನುವುದರ ಮೇಲೆ ಅದು ನಿಂತಿದೆ.

ಒಂದೇ ಸಿಲಿಂಡರ್, ಮೂರು ಜೋಡಣೆ

ನಮ್ಮ ಬೇಲಿಂಗ್ ಯಂತ್ರಕ್ಕೇ ಬರೋಣ. ಬೋರ್ 100, ಸ್ಟ್ರೋಕ್ 2,000 ಮಿ.ಮೀ., ಬಲ 12.8 ಟನ್, ಸುರಕ್ಷತೆ 3.5 ಪಟ್ಟು. ಇವು ನಾಲ್ಕೂ ಬದಲಾಗುವುದಿಲ್ಲ. ಬದಲಾಗುವುದು ಸಿಲಿಂಡರನ್ನು ಯಂತ್ರಕ್ಕೆ ಹಿಡಿಸುವ ರೀತಿ ಮಾತ್ರ.

ಮೊದಲನೆಯದು, ಎಲ್ಲರಿಗೂ ಸುಲಭವೆನಿಸುವ ಜೋಡಣೆ. ಸಿಲಿಂಡರಿನ ಹಿಂಬದಿಯಲ್ಲಿ ಒಂದು ಕ್ಲೆವಿಸ್, ರಾಡಿನ ತುದಿಯಲ್ಲಿ ಒಂದು ಕಣ್ಣು, ಎರಡಕ್ಕೂ ಪಿನ್. ಎರಡೂ ತುದಿ ತಿರುಗುವುದರಿಂದ ಬಾಗುವ ಉದ್ದ ಎಂದರೆ ಪಿನ್ನಿನಿಂದ ಪಿನ್ನಿಗೆ ಇರುವ ಪೂರ್ತಿ ದೂರ. ಮುಚ್ಚಿದಾಗ ಈ ಸಿಲಿಂಡರ್ 2,400 ಮಿ.ಮೀ. ಉದ್ದವಿದ್ದರೆ, ಪೂರ್ತಿ ತೆರೆದಾಗ 4,400 ಆಗುತ್ತದೆ. ಸೂತ್ರಕ್ಕೆ ಹಾಕಿದರೆ ಬೇಕಾದ ವ್ಯಾಸ 95.6 ಮಿ.ಮೀ. ಬೋರೇ 100 ಇರುವಾಗ 96ರ ರಾಡ್ ಹಾಕುವುದು ಆಗುವ ಮಾತಲ್ಲ. ಮೂರನೆಯ ಒಂದು ಪಾಲು ಗೀಚಿದ ಲೆಕ್ಕದಲ್ಲೇ ಈ ಜೋಡಣೆ ಬಿದ್ದುಹೋಯಿತು.

ಎರಡನೆಯದು, ಟ್ರನಿಯನ್. ಸಿಲಿಂಡರಿನ ಮುಂಭಾಗದಲ್ಲಿ, ರಾಡ್ ಹೊರಬರುವ ಬಾಯಿಯ ಹತ್ತಿರ, ಎರಡೂ ಪಕ್ಕಕ್ಕೆ ಚಾಚಿದ ಗೂಟಗಳ ಮೇಲೆ ಸಿಲಿಂಡರ್ ಕೂರುತ್ತದೆ. ಇದೂ ತಿರುಗುವ ಜೋಡಣೆಯೇ. ಆದರೆ ಪಿನ್ನುಗಳ ನಡುವಿನ ದೂರ ಈಗ ಗೂಟದಿಂದ ರಾಡಿನ ಕಣ್ಣಿಗೆ ಇರುವಷ್ಟು ಮಾತ್ರ, ಸುಮಾರು 2,250 ಮಿ.ಮೀ. ಉದ್ದನೆಯ ಕೊಳವೆ ಹಿಂದೆ ಉಳಿದುಕೊಂಡಿತು. ಅದು ಒತ್ತಡದ ದಾರಿಯಲ್ಲೇ ಇಲ್ಲ. ಬೇಕಾದ ವ್ಯಾಸ 68.4 ಮಿ.ಮೀ. ಮಾರುಕಟ್ಟೆಯಲ್ಲಿ ಸಿಗುವ ಮುಂದಿನ ಅಳತೆ 70.

ಮೂರನೆಯದು, ಮುಂಭಾಗದ ಫ್ಲ್ಯಾಂಜ್. ಸಿಲಿಂಡರಿನ ಬಾಯಿಯ ಬಳಿ ಇರುವ ದಪ್ಪ ಚಕ್ಕೆಯನ್ನು ಯಂತ್ರದ ಗೋಡೆಗೆ ಬೋಲ್ಟ್ ಹಾಕಿ ಬಿಗಿಯುತ್ತಾರೆ. ರಾಡಿನ ತುದಿಯ ಕಣ್ಣು ತಳ್ಳುವ ತಟ್ಟೆಗೆ ಪಿನ್ನಿನಿಂದ ಸೇರುತ್ತದೆ. ತಟ್ಟೆ ಪೆಟ್ಟಿಗೆಯ ಗೈಡ್ ಪಟ್ಟಿಗಳ ನಡುವೆ ಆಚೀಚೆ ಅಲ್ಲಾಡದೆ ಸರಿಯುತ್ತದೆ. ಒಂದು ತುದಿ ಬಿಗಿ, ಇನ್ನೊಂದು ತುದಿ ತಿರುಗಬಲ್ಲದು ಆದರೆ ಪಕ್ಕಕ್ಕೆ ಜಾರಲಾರದು. ಇಂಥ ಜೋಡಣೆಗೆ ಬಾಗುವ ಉದ್ದ ಇರುವ ಉದ್ದದ 0.7 ಪಾಲು. ಫ್ಲ್ಯಾಂಜಿನಿಂದ ಕಣ್ಣಿಗೆ 2,150 ಮಿ.ಮೀ. ಆದರೆ Lk 1,505. ಬೇಕಾದ ವ್ಯಾಸ 55.9 ಮಿ.ಮೀ. ಸ್ಟ್ಯಾಂಡರ್ಡ್ ಅಳತೆಗಳಲ್ಲಿ 56 ಇದೆ.

ಒಂದೇ ಬಲ, ಒಂದೇ ಸ್ಟ್ರೋಕ್. ಒಂದು ಕಡೆ 96ರ ರಾಡೇ ಬೇಕೆನ್ನುವ ಸ್ಥಿತಿ, ಇನ್ನೊಂದು ಕಡೆ 56 ಸಾಕು. ರಾಡ್ ಬಾಗಿತು ಎಂದು ಬಂದವರನ್ನು ಅನುಭವಸ್ಥ ಸಿಲಿಂಡರ್ ಮಿಸ್ತ್ರಿ ಮೊದಲು ಕೇಳುವುದು, “ಎಷ್ಟು ಟನ್?” ಎಂದಲ್ಲ, “ಎಲ್ಲಿ ಹಿಡಿಸಿದ್ದೀರಿ?” ಎಂದು.

ಕೊಳವೆಯ ಬಲ ಲೆಕ್ಕಕ್ಕೆ ಬರುವುದಿಲ್ಲವೇ?

ಮೊದಲ ಜೋಡಣೆಯ ಬಗ್ಗೆ ಜಾಣ ಓದುಗರು ಒಂದು ತಕರಾರು ತೆಗೆಯಬಹುದು. 4,400 ಮಿ.ಮೀ. ಉದ್ದದಲ್ಲಿ ಅರ್ಧದಷ್ಟು ಬರೀ ರಾಡ್ ಅಲ್ಲ, ದಪ್ಪನೆಯ ಸಿಲಿಂಡರ್ ಕೊಳವೆ. ಅದು ರಾಡಿಗಿಂತ ಎಷ್ಟೋ ಪಟ್ಟು ಬಿಗಿ. ಇಡೀ ಉದ್ದವನ್ನೂ ರಾಡ್ ಎಂದೇ ಹಿಡಿದರೆ ಅನ್ಯಾಯವಲ್ಲವೇ?

ತಕರಾರು ಸರಿಯಾದದ್ದೇ. ಕೊಳವೆ ಮತ್ತು ರಾಡ್ ಎರಡನ್ನೂ ಸೇರಿಸಿ ಒಟ್ಟು ಸಿಲಿಂಡರಿನ ಬಕ್ಲಿಂಗ್ ಭಾರ ತೆಗೆಯುವ ವಿಧಾನವನ್ನು ಐಎಸ್‌ಒ/ಟಿಎಸ್ 13725 ಎಂಬ ಅಂತರರಾಷ್ಟ್ರೀಯ ದಾಖಲೆ ಕೊಡುತ್ತದೆ. ಆದರೆ ಅದರಿಂದ ಎಷ್ಟು ಲಾಭ ಎನ್ನುವುದಕ್ಕೆ ಒಂದು ಮೇಲ್ಮಿತಿಯನ್ನು ನಾವೇ ಕಂಡುಕೊಳ್ಳಬಹುದು. ಕೊಳವೆ ಕೂದಲೆಳೆಯಷ್ಟೂ ಬಾಗುವುದಿಲ್ಲ, ಗ್ಲ್ಯಾಂಡಿನಲ್ಲಿ ರಾಡ್ ಒಂದಿಷ್ಟೂ ಅಲ್ಲಾಡುವುದಿಲ್ಲ ಎಂದೇ ಭಾವಿಸೋಣ. ಅರ್ಧ ಕೊಳವೆ, ಅರ್ಧ ರಾಡ್ ಇರುವ ಸಿಲಿಂಡರಿನಲ್ಲಿ ಆಗ ಬಾಗುವ ಭಾರ ಏರುವುದು 1.67 ಪಟ್ಟು ಮಾತ್ರ. ಕೊಳವೆ ಬಾಗದಿದ್ದರೂ ಹಿಂದಿನ ಪಿನ್ನಿನ ಮೇಲೆ ತಿರುಗಬಲ್ಲದು, ಹಾಗಾಗಿ ರಾಡಿನ ಬುಡಕ್ಕೆ ಅದು ಗಟ್ಟಿ ಆಸರೆಯಾಗದು. ವ್ಯಾಸದ ಲೆಕ್ಕಕ್ಕೆ ಬಂದರೆ 96ರ ಬದಲು 84 ಸಾಕಾಗುತ್ತದೆ, ಅಂದರೆ ಮುಂದಿನ ಅಳತೆಯಾದ 90ರ ರಾಡ್. ಆರಂಭದಲ್ಲಿ ಹೇಳಿದ 40 ಮಿ.ಮೀ. ರಾಡ್ 1.4 ಟನ್ನಿನ ಬದಲು ಹೆಚ್ಚೆಂದರೆ 2.3 ಟನ್ ತಡೆದೀತು. ತೀರ್ಪು ಬದಲಾಗಲಿಲ್ಲ.

ಹಾಗಾದರೆ 90ರ ರಾಡನ್ನೇ ಹಾಕಿ ಕೈತೊಳೆದುಕೊಳ್ಳಬಹುದಲ್ಲ? ಇಲ್ಲಿ ಎಣ್ಣೆಯ ಲೆಕ್ಕ ಅಡ್ಡ ಬರುತ್ತದೆ. ಪಿಸ್ಟನ್‌ನ ಹಿಂಬದಿಯಲ್ಲಿ 7,854 ಚದರ ಮಿ.ಮೀ. ಇದ್ದರೆ, ರಾಡ್ ಇರುವ ಬದಿಯಲ್ಲಿ ರಾಡಿನ ವಿಸ್ತೀರ್ಣ ಕಳೆದು ಉಳಿಯುವ ಉಂಗುರವಷ್ಟೇ ಎಣ್ಣೆಗೆ ಸಿಗುತ್ತದೆ. ರಾಡ್ 90 ಆದರೆ ಆ ಉಂಗುರ 1,492ಕ್ಕೆ ಇಳಿಯುತ್ತದೆ. ಪಂಪು ನಿಮಿಷಕ್ಕೆ 60 ಲೀಟರ್ ಕೊಡುತ್ತಿದ್ದರೆ, ರಾಡ್ ಹಿಂದಕ್ಕೆ ಬರುವಾಗ ಇನ್ನೊಂದು ಬದಿಯಿಂದ ಟ್ಯಾಂಕಿಗೆ ಹೋಗಬೇಕಾದ ಎಣ್ಣೆ ನಿಮಿಷಕ್ಕೆ ಸುಮಾರು 316 ಲೀಟರ್. 60 ಲೀಟರಿಗೆಂದು ಕೊಂಡ ವಾಲ್ವ್, ಫಿಲ್ಟರ್, ಹೋಸ್‌ಗಳು ಅದನ್ನು ಬಿಡಲಾರವು. ಎಣ್ಣೆ ಕಾಯುತ್ತದೆ, ಯಂತ್ರ ಮುಕ್ಕರಿಯುತ್ತದೆ. ಇನ್ನೂ ಕೆಟ್ಟದ್ದೆಂದರೆ, ರಾಡ್ ಮುಂದಕ್ಕೆ ಹೋಗುವಾಗ ಆ ಉಂಗುರದ ಕಡೆಯ ಎಣ್ಣೆಯ ದಾರಿ ಯಾವುದೋ ಕಾರಣಕ್ಕೆ ಮುಚ್ಚಿಕೊಂಡರೆ, ಅಲ್ಲಿನ ಒತ್ತಡ 160 ಬಾರ್‌ನ 5 ಪಟ್ಟಿಗೂ ಮೀರಿ, 840 ಬಾರ್‌ವರೆಗೆ ಏರಬಹುದು. ಸೀಲೂ ಗ್ಲ್ಯಾಂಡೂ ಅದಕ್ಕೆ ತಯಾರಾದವಲ್ಲ.

70ರ ರಾಡಿಗೆ ಇದೇ ಲೆಕ್ಕ ಮಾಡಿದರೆ ಉಂಗುರ 4,006 ಚದರ ಮಿ.ಮೀ., ಮರಳುವ ಎಣ್ಣೆ ನಿಮಿಷಕ್ಕೆ 118 ಲೀಟರ್. ಅಂದರೆ ಸುಮಾರು ದುಪ್ಪಟ್ಟು, ಸಂಭಾಳಿಸಬಹುದಾದದ್ದು. ಮುಂದೆ ಹೋಗಲು 16 ಸೆಕೆಂಡ್ ತೆಗೆದುಕೊಳ್ಳುವ ತಟ್ಟೆ 8 ಸೆಕೆಂಡಿನಲ್ಲಿ ಹಿಂದೆ ಬರುತ್ತದೆ, ಅದು ಬೇಲಿಂಗ್ ಯಂತ್ರಕ್ಕೆ ಅನುಕೂಲವೇ.

56 ಸಾಕು ಎಂದರೂ 70 ಯಾಕೆ?

ಫ್ಲ್ಯಾಂಜ್ ಜೋಡಣೆಯಲ್ಲಿ 56 ಸಾಕೆಂದು ಸೂತ್ರ ಹೇಳಿತು. ಕಾಗದದ ಮೇಲೆ ಅದು ಪಾಸು. ಆದರೆ ಆ 56, 0.7 ಎಂಬ ಒಂದು ಸಂಖ್ಯೆಯ ಮೇಲೆ ನಿಂತಿದೆ, ಆ 0.7 ನಿಂತಿರುವುದು ತಟ್ಟೆಯ ಗೈಡ್ ಪಟ್ಟಿಗಳ ಮೇಲೆ. ರಟ್ಟಿನ ದೂಳು, ಮರಳು, ಸ್ಟೇಪ್ಲರ್ ಪಿನ್ನು ಸೇರಿ ಉಜ್ಜುವ ಜಾಗ ಅದು. ಪಟ್ಟಿಗಳು ಸವೆಯುತ್ತಾ ಹೋದ ಹಾಗೆ ತಟ್ಟೆ ಪಕ್ಕಕ್ಕೆ ಅಲುಗಾಡತೊಡಗುತ್ತದೆ. ಪೂರ್ತಿ ಹಿಡಿತ ತಪ್ಪಿದರೆ ರಾಡಿನ ಸ್ಥಿತಿ ನೆಲದಲ್ಲಿ ಹೂತ ಧ್ವಜಸ್ತಂಭದ್ದು: ಬುಡ ಬಿಗಿ, ತುದಿ ಸ್ವತಂತ್ರ. ಆಗ ಬಾಗುವ ಉದ್ದ ಇರುವ ಉದ್ದದ 0.7 ಪಾಲಲ್ಲ, 2 ಪಟ್ಟು. ಉದ್ದ ವರ್ಗದಲ್ಲಿ ಬರುವುದರಿಂದ ತಡೆಯುವ ಭಾರ ಎಂಟನೆಯ ಒಂದು ಪಾಲಿಗೆ ಬೀಳುತ್ತದೆ.

ಸಂಖ್ಯೆಯಲ್ಲೇ ಹೇಳುವುದಾದರೆ, ಗೈಡ್ ಸರಿಯಿದ್ದಾಗ 45 ಟನ್ನಿಗೆ ಬಾಗುವ 56ರ ರಾಡ್, ಗೈಡ್ ಕೈಬಿಟ್ಟಾಗ 5.5 ಟನ್ನಿಗೇ ಬಾಗುತ್ತದೆ. ಯಂತ್ರ ತಳ್ಳುವುದು 12.8 ಟನ್. ಮೂರೂವರೆ ಪಟ್ಟು ಸುರಕ್ಷತೆ ಇದೆ ಎಂದುಕೊಂಡಿದ್ದು ಯಾವಾಗ ಕರಗಿತು ಎಂದು ಯಾರಿಗೂ ಗೊತ್ತಾಗಿರುವುದಿಲ್ಲ.

ಅದೇ 70ರ ರಾಡ್ ಇದ್ದರೆ, ಗೈಡ್ ಪೂರ್ತಿ ಕೈಬಿಟ್ಟ ಕೆಟ್ಟ ಸ್ಥಿತಿಯಲ್ಲೂ ಅದು ತಡೆಯುವ ಭಾರ 13.5 ಟನ್. ಅಂಚಿನಲ್ಲಿ ನಿಂತಿದೆ, ಆದರೂ 12.8ಕ್ಕಿಂತ ಮೇಲಿದೆ. ಯಂತ್ರ ಸದ್ದು ಮಾಡುತ್ತದೆ, ಎಣ್ಣೆ ಸೋರುತ್ತದೆ, ಆಪರೇಟರ್ ಗಮನಿಸಿ ನಿಲ್ಲಿಸಲು ಒಂದಿಷ್ಟು ಕಾಲಾವಕಾಶ ಸಿಗುತ್ತದೆ. 63ರ ರಾಡಿಗೆ ಈ ಭಾಗ್ಯವಿಲ್ಲ. ನನ್ನ ಆಯ್ಕೆ ಆದ್ದರಿಂದ 70: ಮುಂಭಾಗದ ಫ್ಲ್ಯಾಂಜ್, ಗೈಡ್ ಇರುವ ತಟ್ಟೆ, ಜೊತೆಗೆ 70ರ ರಾಡ್.

ಇಲ್ಲಿ ಒಂದು ಎಚ್ಚರಿಕೆ. ಆಯ್ಲರನ ಸೂತ್ರ ತೆಳ್ಳಗೆ ಉದ್ದವಿರುವ ರಾಡಿಗೆ ಮಾತ್ರ ಸರಿ. ಬಾಗುವ ಉದ್ದ ವ್ಯಾಸದ ಸುಮಾರು 22 ಪಟ್ಟಿಗಿಂತ ಕಡಿಮೆಯಾದರೆ ರಾಡ್ ಬಾಗುವ ಮೊದಲೇ ಉಕ್ಕು ಸೋಲಲು ತೊಡಗುತ್ತದೆ, ಸೂತ್ರ ಇಲ್ಲದ ಬಲವನ್ನು ಇದೆಯೆಂದು ತೋರಿಸುತ್ತದೆ. ಗೈಡ್ ಸರಿಯಿರುವ ನಮ್ಮ 70ರ ರಾಡ್ ಆ ಗಡಿಯ ಮೇಲೇ ಇದೆ. ಅಲ್ಲಿ ಮೇಲೇರುವ ಒತ್ತಡ ಪ್ರತಿ ಚದರ ಮಿ.ಮೀ.ಗೆ 33 ನ್ಯೂಟನ್ ಮಾತ್ರವಾದ್ದರಿಂದ ಚಿಂತೆಯಿಲ್ಲ. ಗಿಡ್ಡ ಸ್ಟ್ರೋಕಿನ ಸಿಲಿಂಡರಿಗೆ ಮಾತ್ರ ಈ ಸೂತ್ರ ಹಿಡಿದು ಸುಮ್ಮನಾಗಬಾರದು.

ಬಲ ಎಷ್ಟು, ಯಾವ ಹಂತದಲ್ಲಿ?

ಲೆಕ್ಕಕ್ಕೆ ಹಾಕುವ ಬಲವೂ ಒಂದು ಪ್ರಶ್ನೆಯೇ. ಗೇಜಿನಲ್ಲಿ ದಿನಾ ಕಾಣುವ ಒತ್ತಡವನ್ನು ಹಿಡಿಯಬಾರದು. ರಿಲೀಫ್ ವಾಲ್ವ್ ಎಷ್ಟಕ್ಕೆ ತೆರೆಯುವಂತೆ ಕೂಡಿಸಿದ್ದಾರೋ ಅದನ್ನು ಹಿಡಿಯಬೇಕು. ಕಟ್ಟು ಇನ್ನೂ ಬಿಗಿಯಾಗಲಿ ಎಂದು ಯಾರೋ ಸ್ಕ್ರೂ ತಿರುವಿ 160ನ್ನು 210 ಬಾರ್ ಮಾಡಿದರೆ ಬಲ 16.8 ಟನ್ನಿಗೆ ಏರುತ್ತದೆ. ರಾಡಿಗೆ ಆ ಸುದ್ದಿ ಯಾರೂ ಮೊದಲೇ ಹೇಳಿರುವುದಿಲ್ಲ.

ಬಲ ಯಾವ ಹಂತದಲ್ಲಿ ಬೀಳುತ್ತದೆ ಎನ್ನುವುದೂ ಅಷ್ಟೇ ಮುಖ್ಯ. ಟ್ರ್ಯಾಕ್ಟರ್ ಟ್ರೇಲರ್ ಎತ್ತುವ ಜಾಕಿಗೆ ಅತಿ ಹೆಚ್ಚು ಭಾರ ಬೀಳುವುದು ಎತ್ತಲು ಶುರು ಮಾಡಿದಾಗ, ರಾಡ್ ಇನ್ನೂ ಒಳಗಿರುವಾಗ. ಟ್ರೇಲರ್ ಮೇಲೇರಿದಂತೆ ಮಣ್ಣೋ ಕಬ್ಬೋ ಜಾರಿ ಭಾರ ಇಳಿಯುತ್ತದೆ. ಹಾಗಾಗಿ ಅಲ್ಲಿ ಬೇರೆ ಬೇರೆ ಎತ್ತರಕ್ಕೆ ಆ ಹಂತದ ಉದ್ದ, ಆ ಹಂತದ ಭಾರ ಹಾಕಿ ನೋಡಬೇಕು. ಬೇಲಿಂಗ್ ಯಂತ್ರದಲ್ಲಿ ಈ ರಿಯಾಯಿತಿ ಇಲ್ಲ. ರಟ್ಟು ಬಿಗಿಯುವುದು ತಟ್ಟೆ ಕೊನೆ ಮುಟ್ಟುವಾಗಲೇ. ಪೂರ್ತಿ ಉದ್ದ, ಪೂರ್ತಿ ಬಲ ಎರಡೂ ಒಟ್ಟಿಗೆ ಬರುತ್ತವೆ.

ಒಳಗಿನ ಎರಡು ಆಸರೆ

ರಾಡ್ ಪೂರ್ತಿ ಹೊರಬಂದಾಗ ಅದನ್ನು ನೆಟ್ಟಗೆ ಹಿಡಿದಿರುವುದು ಎರಡೇ ಜಾಗ: ಕೊಳವೆಯೊಳಗಿನ ಪಿಸ್ಟನ್, ಬಾಯಲ್ಲಿರುವ ಗ್ಲ್ಯಾಂಡಿನ ಬುಷ್. ಸ್ಟ್ರೋಕಿನ ಕೊನೆಯಲ್ಲಿ ಪಿಸ್ಟನ್ ಬಂದು ಗ್ಲ್ಯಾಂಡಿಗೆ ತಾಗುತ್ತದೆ. ಆಗ ಎರಡು ಆಸರೆಗಳ ನಡುವೆ ಒಂದು ಅಂಗೈ ಅಗಲದಷ್ಟು ಜಾಗವೂ ಇರಲಿಕ್ಕಿಲ್ಲ. ಅಷ್ಟು ಗಿಡ್ಡ ಹಿಡಿತದಲ್ಲಿ 2 ಮೀಟರ್ ಹೊರಚಾಚಿದ ರಾಡ್ ನಿಲ್ಲಬೇಕು. 70ರ ರಾಡಿನ 2 ಮೀಟರ್ ತುಂಡು 60 ಕಿಲೋ ತೂಗುತ್ತದೆ. ಮಲಗಿಸಿದ ಸಿಲಿಂಡರಿನಲ್ಲಿ ಆ ತೂಕವೇ ರಾಡನ್ನು ಕೆಳಕ್ಕೆ ಜಗ್ಗುತ್ತದೆ. ಬುಷ್ಷಿನ ಸಣ್ಣ ಸಡಿಲವೂ ತುದಿಗೆ ಹೋಗುವಷ್ಟರಲ್ಲಿ ಹಲವು ಪಟ್ಟು ಬೆಳೆದಿರುತ್ತದೆ. ಹೀಗೆ ಮೊದಲೇ ವಾಲಿದ ರಾಡಿನ ಮೇಲೆ ತಳ್ಳುವ ಬಲ ಬಿದ್ದಾಗ ಆ ವಾಲು ಇನ್ನಷ್ಟು ಹೆಚ್ಚುತ್ತದೆ. ಸುರಕ್ಷತೆ 3.5 ಪಟ್ಟು ಇದ್ದರೆ ವಾಲು 1.4 ಪಟ್ಟಾಗುತ್ತದೆ, ಸುರಕ್ಷತೆ 1.25ಕ್ಕೆ ಇಳಿದಿದ್ದರೆ 5 ಪಟ್ಟಾಗುತ್ತದೆ. ಮೂರೂವರೆ ಎಂಬ ಸಂಖ್ಯೆಯ ಹಿಂದಿರುವ ಕಾರಣಗಳಲ್ಲಿ ಇದೂ ಒಂದು.

ಇದಕ್ಕೆ ಪರಿಹಾರ ಸ್ಟಾಪ್ ಟ್ಯೂಬ್. ಪಿಸ್ಟನ್ ಮತ್ತು ಗ್ಲ್ಯಾಂಡಿನ ನಡುವೆ ರಾಡಿನ ಮೇಲೆ ಒಂದು ಕೊಳವೆ ತುಂಡು ತೊಡಿಸುತ್ತಾರೆ. ಪಿಸ್ಟನ್ ಗ್ಲ್ಯಾಂಡಿನವರೆಗೆ ಬರಲಾಗದೆ ಅಷ್ಟು ದೂರದಲ್ಲೇ ನಿಲ್ಲುತ್ತದೆ. ಎರಡು ಆಸರೆಗಳ ನಡುವೆ ಅಂತರ ಸಿಗುತ್ತದೆ. ಬಾಗುವ ಉದ್ದ 1,000 ಮಿ.ಮೀ. ದಾಟಿದ ಮೇಲೆ ಪ್ರತಿ 250 ಮಿ.ಮೀ.ಗೆ 25 ಮಿ.ಮೀ. ಸ್ಟಾಪ್ ಟ್ಯೂಬ್ ಎನ್ನುವುದು ರೂಢಿಯ ನಿಯಮ. ನಮ್ಮ 1,505ಕ್ಕೆ ಅದು 75 ಮಿ.ಮೀ. ಆಗುತ್ತದೆ. ಸ್ಟ್ರೋಕ್ ಕಡಿಮೆಯಾಗಬಾರದೆಂದರೆ ಕೊಳವೆಯನ್ನು ಅಷ್ಟೇ ಉದ್ದ ಮಾಡಿಸಬೇಕು. ಆರ್ಡರ್ ಕೊಟ್ಟ ಮೇಲೆ ನೆನಪಾದರೆ ಪ್ರಯೋಜನವಿಲ್ಲ.

ಫ್ಲ್ಯಾಂಜ್ ಜೋಡಣೆಗೆ ಇನ್ನೆರಡು ಮಾತು. ಗೋಡೆಯ ತೂತಿನಲ್ಲಿ ಕೊಳವೆ ಹಾಯಿಸಿ, ಫ್ಲ್ಯಾಂಜ್ ಪೆಟ್ಟಿಗೆಯ ಒಳಬದಿಗೆ ಬರುವಂತೆ ಕೂರಿಸಬೇಕು. ರಾಡ್ ಮುಂದಕ್ಕೆ ತಳ್ಳಿದಾಗ ಸಿಲಿಂಡರ್ ಹಿಂದಕ್ಕೆ ಒದೆಯುತ್ತದೆ. ಆ ಒದೆತವನ್ನು ಗೋಡೆ ತಿನ್ನಬೇಕು, ಬೋಲ್ಟುಗಳಲ್ಲ. ಹಿಂದಕ್ಕೆ ಚಾಚಿದ ಕೊಳವೆಯ ಬಾಲಕ್ಕೆ ಒಂದು ಸಡಿಲ ಆಸರೆಯೂ ಬೇಕು, ಇಲ್ಲವಾದರೆ ಕೊಳವೆ ಮತ್ತು ಎಣ್ಣೆಯ ತೂಕವೇ ಫ್ಲ್ಯಾಂಜನ್ನು ತಿರುಚುತ್ತದೆ.

ಬಾಗುವ ಮುನ್ನ ಕಾಣುವ ಗುರುತುಗಳು

ರಾಡ್ ಒಮ್ಮೆಲೇ ಬಾಗುವುದು ಅಪರೂಪ. ಮೊದಲು ಗ್ಲ್ಯಾಂಡಿನಲ್ಲಿ ಎಣ್ಣೆ ಜಿನುಗುತ್ತದೆ. ಸೀಲ್ ಕಿಟ್ ಬದಲಾಯಿಸುತ್ತಾರೆ, ಕೆಲವು ವಾರದಲ್ಲಿ ಮತ್ತೆ ಜಿನುಗುತ್ತದೆ. ಆಗ ಹೊಸ ಸೀಲಿನ ಗುಣಮಟ್ಟವನ್ನು ಬೈಯುವ ಬದಲು ರಾಡನ್ನು ಪೂರ್ತಿ ಹೊರತಂದು, ಯಂತ್ರ ಬಂದ್ ಮಾಡಿ, ಒತ್ತಡ ಇಳಿಸಿ, ಒರೆಸಿ ನೋಡಬೇಕು. ಕ್ರೋಮ್ ಸುತ್ತಲೂ ಸಮನಾಗಿ ಮಾಸಿದ್ದರೆ ಅದು ಸಹಜ ಸವೆತ. ಒಂದೇ ಪಕ್ಕದಲ್ಲಿ ಉದ್ದುದ್ದ ಗೀರು ಬಿದ್ದಿದ್ದರೆ, ಗ್ಲ್ಯಾಂಡ್ ಬುಷ್ ಬಿಚ್ಚಿದಾಗ ತೂತು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ, ರಾಡ್ ಪಕ್ಕಕ್ಕೆ ಒತ್ತಿಕೊಳ್ಳುತ್ತಿದೆ ಎಂದರ್ಥ. ಸ್ಟ್ರೋಕಿನ ಕೊನೆಯ ಭಾಗದಲ್ಲಿ ಮಾತ್ರ ತಟ್ಟೆ ತಡೆತಡೆದು ಹೋಗುವುದೂ ಅದೇ ಕಾಯಿಲೆಯ ಗುರುತು.

ಅನುಮಾನ ಬಂದರೆ ರಾಡ್ ಬಿಚ್ಚಿ, ಎರಡು ವಿ-ಬ್ಲಾಕುಗಳ ಮೇಲಿಟ್ಟು, ನಡುವೆ ಡಯಲ್ ಗೇಜ್ ತಾಗಿಸಿ ಒಂದು ಸುತ್ತು ತಿರುಗಿಸಬೇಕು. ಮುಳ್ಳು ಓಡಿದ ಒಟ್ಟು ದೂರದ ಅರ್ಧ ರಾಡಿನ ಬಾಗು. ಪ್ರೆಸ್ಸಿನಲ್ಲಿ ಒತ್ತಿ ನೆಟ್ಟಗೆ ಮಾಡಿ ಮತ್ತೆ ಹಾಕಿಕೊಡುವವರಿದ್ದಾರೆ. ಆದರೆ ಬಾಗಿಸಿದ ಕಾರಣ, ಅಂದರೆ ಜೋಡಣೆಯೋ, ಸವೆದ ಗೈಡೋ, ಏರಿಸಿದ ಒತ್ತಡವೋ, ಹಾಗೇ ಉಳಿದಿದ್ದರೆ ಅದು ಎರಡನೆಯ ಬಿಲ್ಲಿಗೆ ಪೀಠಿಕೆಯಷ್ಟೆ.

ಉದ್ದ ಸ್ಟ್ರೋಕಿನ ಸಿಲಿಂಡರಿಗೆ ಆರ್ಡರ್ ಕೊಡುವವರು ಬೋರ್, ಸ್ಟ್ರೋಕ್, ಒತ್ತಡ ಎಂಬ ಮೂರನ್ನು ಮಾತ್ರ ಚೀಟಿಯಲ್ಲಿ ಬರೆದು ಕೊಡುವುದು ವಾಡಿಕೆ. ಅದರ ಕೆಳಗೆ ಇನ್ನೂ ಮೂರು ಸಾಲು ಸೇರಿಸಿ: ಸಿಲಿಂಡರನ್ನು ಎಲ್ಲಿ ಹಿಡಿಸುತ್ತೀರಿ, ರಾಡಿನ ತುದಿಗೆ ಗೈಡ್ ಇದೆಯೇ, ಪೂರ್ತಿ ಬಲ ಬೀಳುವಾಗ ರಾಡ್ ಎಷ್ಟು ಹೊರಗಿರುತ್ತದೆ. ಈ ಮೂರನ್ನು ಕೇಳದೆ ರಾಡಿನ ವ್ಯಾಸ ಹೇಳುವವರಲ್ಲಿ ಸಿಲಿಂಡರ್ ಮಾಡಿಸಬೇಡಿ.